ಬೀಮಿನ ಬಿರುಕು ಮತ್ತು ಬಿಲ್ಡರ್‌ಗೆ ಬರೆದ ಎರಡನೇ ಪತ್ರ

"ನಿಮ್ಮ ಕಳಪೆ ಕೆಲಸದಿಂದ ಮನೆ ತುಂಬಾ ಬಿರುಕು ಬಿಟ್ಟಿದೆ. ಕೂಡಲೇ ಸರಿಮಾಡಿ. ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ."

2024ರ ಫೆಬ್ರವರಿಯಲ್ಲಿ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮನೆಯವರು ಬಿಲ್ಡರ್‌ಗೆ ಕಳಿಸಿದ ಇಮೇಲ್‌ನ ಸಾರ ಇಷ್ಟೇ. ಅದಕ್ಕೆ ಉತ್ತರ ಬರಲಿಲ್ಲ ಅಂತೇನಿಲ್ಲ. ಅದೇ ವಾರ ಇಬ್ಬರು ಪೇಂಟರ್‌ಗಳು ಪುಟ್ಟಿ ಡಬ್ಬ, ಉಪ್ಪುಕಾಗದ ಹಿಡಿದುಕೊಂಡು ಬಂದರು. ಬೆಡ್‌ರೂಮಿನ ಬಿರುಕುಗಳನ್ನು ಮುಚ್ಚಿದರು. ಆಮೇಲೆ ಹಾಲ್‌ನ ಬೀಮಿಗೆ ಏಣಿ ಹಾಕಿದಾಗ ಮನೆಯ ಒಡತಿ ತಡೆದರು. ನಿವೃತ್ತ ಶಿಕ್ಷಕಿ ಅವರು. "ಈ ಬಿರುಕು ಬೇರೆ ಥರ ಇದೆ, ಇದನ್ನು ಮುಟ್ಟಬೇಡಿ" ಅಂದರಂತೆ. ಇಡೀ ಪ್ರಕರಣದಲ್ಲಿ ಅದಕ್ಕಿಂತ ಸರಿಯಾದ ತೀರ್ಮಾನ ಬೇರೆ ಯಾರೂ ಮಾಡಲಿಲ್ಲ.

ಕಟ್ಟಡಗಳ ಪರಿಶೀಲನೆ ನನ್ನ ಕೆಲಸ. ಅವರು ನನ್ನನ್ನು ಕರೆದದ್ದು ಇದಾದ ಮೇಲೆ. ಬಿಲ್ಡರ್ ಕಡೆಯ ಸೈಟ್ ಎಂಜಿನಿಯರ್ ಫೋನಿನಲ್ಲಿ, "ಮೇಡಂ, ಇದು ಬರೀ ಏರ್ ಕ್ರ್ಯಾಕ್. ಎಲ್ಲ ಮನೆಯಲ್ಲೂ ಬರುತ್ತೆ. ಆದ್ರೂ ನಾವು ಬಂದು ಮಾಡಿಕೊಡ್ತಿದ್ದೀವಿ ಅಲ್ವಾ?" ಎಂದು ಹೇಳಿದ್ದರು. ಅವರ ಲೆಕ್ಕದಲ್ಲಿ ದೂರು ಬಂತು, ಜನ ಹೋದರು, ದೂರು ಮುಗಿಯಿತು. ಮೊದಲ ಇಮೇಲ್ ಕೇಳಿದ್ದೂ ಅಷ್ಟನ್ನೇ. "ಸರಿಮಾಡಿ" ಎಂದು ಬರೆದರೆ ಬಿಲ್ಡರ್‌ಗೆ ಅದು "ಮುಚ್ಚಿ" ಎಂದು ಕೇಳಿಸುತ್ತದೆ. ಬಿರುಕು ಯಾಕೆ ಬಂತು ಎಂದು ಆ ಇಮೇಲ್ ಎಲ್ಲೂ ಕೇಳಿರಲಿಲ್ಲ.

ಮನೆಯಲ್ಲಿ ಇದ್ದದ್ದು ಮೂರು ಬಗೆಯ ಬಿರುಕು. ಇವನ್ನು ಬೇರೆಬೇರೆಯಾಗಿ ನೋಡದೆ ಪತ್ರ ಬರೆಯಲು ಆಗುವುದಿಲ್ಲ.

ಮೊದಲನೆಯದು ಬೆಡ್‌ರೂಮಿನ ಗೋಡೆಯ ಮೇಲ್ತುದಿಯಲ್ಲಿ, ಬೀಮಿನ ಕೆಳಗೆ, ಉದ್ದಕ್ಕೂ ಗೆರೆ ಎಳೆದ ಹಾಗೆ ಅಡ್ಡವಾಗಿ ಬಂದದ್ದು. ಕಾಂಕ್ರೀಟ್ ಬೀಮು ಮತ್ತು ಬ್ಲಾಕ್ ಗೋಡೆ ಬಿಸಿಲಿಗೆ, ಒಣಗುವಿಕೆಗೆ ಒಂದೇ ರೀತಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಎರಡೂ ಸೇರುವ ಕಡೆ ಪ್ಲಾಸ್ಟರಿಂಗ್‌ಗೆ ಮೊದಲು ಜಾಲರಿ ಹೊಡೆಯಬೇಕು. ಹೊಡೆಯದಿದ್ದರೆ ಅಲ್ಲೇ ಸೀಳುತ್ತದೆ. ಇದು ಕೆಲಸದ ದೋಷ ಹೌದು, ಆದರೆ ಕಟ್ಟಡಕ್ಕೆ ಅಪಾಯವಿಲ್ಲ. ಎರಡನೆಯದು ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿದ ಸಣ್ಣ ಬಿರುಕು. ಗೋಡೆಯಲ್ಲಿ ತೆರವು ಇರುವ ಕಡೆ ಮೂಲೆಗಳಿಗೆ ಎಳೆತ ಜಾಸ್ತಿ, ಹಾಗಾಗಿ ಇದೂ ಸಾಮಾನ್ಯ. ಬೆಳೆಯುತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಮೂರನೆಯದೇ ಹಾಲ್ ಮತ್ತು ಅಡುಗೆಮನೆ ನಡುವಿನ ಬೀಮಿನದು. ಪಿಲ್ಲರ್‌ನಿಂದ ಸುಮಾರು ಒಂದಡಿ ದೂರದಲ್ಲಿ ಬೀಮಿನ ಕೆಳ ಅಂಚಿನಿಂದ ಹೊರಟು, ಪಿಲ್ಲರ್ ಕಡೆಗೆ ವಾಲದೆ, ಬೀಮಿನ ನಡುಭಾಗದ ಕಡೆಗೇ ಓರೆಯಾಗಿ ಮೇಲಕ್ಕೆ ಹತ್ತಿತ್ತು. ಕ್ರ್ಯಾಕ್ ಗೇಜ್ ಇಟ್ಟು ನೋಡಿದರೆ ಅಗಲ 0.5 ಮಿ.ಮೀ. ಅಂತಹ ಬೀಮುಗಳಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಸಾಮಾನ್ಯವಾಗಿ ಒಪ್ಪುವ ಮಿತಿ 0.3 ಮಿ.ಮೀ. ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಅಗಲ ಅಲ್ಲ, ಅದು ಇದ್ದ ಜಾಗ ಮತ್ತು ಓರೆ. ಬೀಮಿನ ನಡುಭಾಗದಲ್ಲಿ ಕೆಳಗಿನಿಂದ ನೆಟ್ಟಗೆ ಬರುವ ಸಣ್ಣ ಗೆರೆಗಳು ಬೀಮು ಭಾರಕ್ಕೆ ಬಾಗುವುದರಿಂದ ಬರುತ್ತವೆ. ಒಂದು ಮಿತಿಯೊಳಗೆ ಅವು ನಿರೀಕ್ಷಿತವೇ. ಪಿಲ್ಲರ್ ಹತ್ತಿರ ಓರೆಯಾಗಿ ಬರುವುದು ಶಿಯರ್ ಬಿರುಕು, ಅಂದರೆ ಬೀಮು ಅಲ್ಲಿ ಕತ್ತರಿಸಿದಂತೆ ಜಾರಲು ನೋಡುತ್ತಿದೆ. ಬಾಗಿ ಸೋಲುವ ಬೀಮು ಮೊದಲೇ ಸಾಕಷ್ಟು ಸುಳಿವು ಕೊಡುತ್ತದೆ. ಶಿಯರ್‌ನಲ್ಲಿ ಸೋಲುವ ಬೀಮು ಅಷ್ಟು ಸಮಯ ಕೊಡುವುದಿಲ್ಲ.

ಆದರೂ ಅದು ಬರೀ ಪ್ಲಾಸ್ಟರಿಂಗ್‌ನ ಬಿರುಕು ಆಗಿರಬಹುದಲ್ಲ? ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಮೊದಲು ಅಡುಗೆಮನೆ ಕಡೆಯಿಂದ ಅದೇ ಬೀಮನ್ನು ನೋಡಿದೆವು. ಅದೇ ದೂರದಲ್ಲಿ, ಅದೇ ಓರೆಯಲ್ಲಿ ಆ ಕಡೆಯೂ ಗೆರೆ ಇತ್ತು. ಎರಡು ಕಡೆಯ ಪ್ಲಾಸ್ಟರ್ ಬೇರೆಬೇರೆ ದಿನ ಬೇರೆಬೇರೆ ಗಾರೆಯವರು ಮಾಡಿರುತ್ತಾರೆ. ಎರಡೂ ಕಡೆ ಒಂದೇ ಜಾಗದಲ್ಲಿ ಸೀಳಿದೆ ಅಂದರೆ ಬಿರುಕು ಒಳಗಿನದು. ಆಮೇಲೆ ಬಿರುಕಿನ ಮೇಲೆ ಅಂಗೈಯಗಲ ಪ್ಲಾಸ್ಟರ್ ಕೆತ್ತಿಸಿದೆವು, ಪ್ರತಿ ಹಂತಕ್ಕೂ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆವು. ಕೆಳಗೆ ಕಾಂಕ್ರೀಟಿನಲ್ಲೂ ಅದೇ ಗೆರೆ. ಬಿರುಕಿನ ಎರಡು ತುದಿಗೂ ಪೆನ್ಸಿಲ್‌ನಿಂದ ಗುರುತು ಹಾಕಿ ಪಕ್ಕದಲ್ಲಿ ತಾರೀಖು ಬರೆದೆವು. ಕೆತ್ತಿದ ಜಾಗದಲ್ಲಿ, ಕಾಂಕ್ರೀಟಿಗೇ ತಾಗುವಂತೆ, ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡವಾಗಿ ಎಪಾಕ್ಸಿಯಿಂದ ಅಂಟಿಸಿದೆವು. ಬಿರುಕು ಇನ್ನೂ ಬಾಯಿ ಬಿಡುತ್ತಿದ್ದರೆ ಗಾಜು ಒಡೆಯುತ್ತದೆ. ಪ್ಲಾಸ್ಟರ್ ಮೇಲೆ ಅಂಟಿಸಿದರೆ ಈ ಪರೀಕ್ಷೆಗೆ ಬೆಲೆ ಇಲ್ಲ. ಯಾಕೆಂದರೆ ಪ್ಲಾಸ್ಟರ್ ಬಿಟ್ಟುಕೊಂಡು ತಾನೇ ಅಲುಗಾಡಬಹುದು.

ಇಲ್ಲಿ ಒಂದು ಮಾತು. ಇಂಥ ಬಿರುಕು ಕಂಡರೆ ಪತ್ರದ ಉತ್ತರಕ್ಕೆ ಕಾಯಬಾರದು. ಆ ವಾರವೇ ಬೀಮಿನ ಕೆಳಗೆ ಸ್ಟೀಲ್ ಪ್ರಾಪ್ ಕೊಡಿಸಿದೆವು. ಒಂದೇ ಮಹಡಿಯಲ್ಲಿ ಕೊಟ್ಟರೆ ಭಾರವೆಲ್ಲ ಕೆಳಗಿನ ಮನೆಯ ಮೋಲ್ಡಿನ ಮೇಲೆ ಬೀಳುತ್ತದೆ. ಹಾಗಾಗಿ ಕೆಳಗಿನ ಎರಡು ಮನೆಯವರನ್ನೂ ಒಪ್ಪಿಸಿ, ಅದೇ ನೇರಕ್ಕೆ ಪಾರ್ಕಿಂಗ್ ನೆಲದವರೆಗೂ ಪ್ರಾಪ್ ನಿಲ್ಲಿಸಬೇಕಾಯಿತು. ಕೆಳಗಿನ ಮನೆಯವರಿಗೆ ಇದು ಖುಷಿಯ ವಿಷಯವೇನಲ್ಲ. ಆದರೆ ಅವರ ಹಾಲ್‌ನಲ್ಲೂ ಅದೇ ಬೀಮು ಇದೆ ಎಂದು ತೋರಿಸಿದ ಮೇಲೆ ಒಪ್ಪಿದರು.

ಇನ್ನು ಕಾನೂನು. ಮನೆ ಕೈಗೆ ಬಂದದ್ದು 2022ರ ಜೂನ್ 10ಕ್ಕೆ. ಅಗ್ರಿಮೆಂಟಿನಲ್ಲಿ "ಸಿವಿಲ್ ಕೆಲಸಕ್ಕೆ 12 ತಿಂಗಳ ವಾರಂಟಿ" ಎಂದಿತ್ತು. ಅವಧಿ ಮುಗಿದಿದೆ, ಆದರೂ ಸದ್ಭಾವನೆಯಿಂದ ಪೇಂಟ್ ಮಾಡಿಕೊಡುತ್ತೇವೆ ಎನ್ನುವುದು ಬಿಲ್ಡರ್ ನಿಲುವು. ಆದರೆ ಈ ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾದದ್ದು. 2016ರ ರೇರಾ ಕಾಯ್ದೆಯ ಕಲಂ 14(3) ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು ಹೆಚ್ಚುವರಿ ಹಣ ಕೇಳದೆ 30 ದಿನದೊಳಗೆ ಸರಿಪಡಿಸಬೇಕು. ಮಾಡದಿದ್ದರೆ ಮನೆಯವರಿಗೆ ಪರಿಹಾರ ಪಡೆಯುವ ಹಕ್ಕಿದೆ. ಕಾನೂನು ಕೊಟ್ಟ 5 ವರ್ಷವನ್ನು ಅಗ್ರಿಮೆಂಟಿನ ಒಂದು ಸಾಲು 12 ತಿಂಗಳಿಗೆ ಇಳಿಸಲು ಬರುವುದಿಲ್ಲ.

ಈ ಕಲಮಿನಲ್ಲಿ ಬಹಳ ಜನ ಗಮನಿಸದ ಎರಡು ವಿಷಯ ಇವೆ. ಒಂದು, ಅದು ಸ್ಟ್ರಕ್ಚರಲ್ ದೋಷದ ಬಗ್ಗೆ ಮಾತ್ರ ಹೇಳುವುದಿಲ್ಲ. ಕೆಲಸಗಾರಿಕೆ, ಗುಣಮಟ್ಟ, ಸೇವೆಗಳಲ್ಲಿನ ದೋಷಗಳನ್ನೂ ಅದೇ ವಾಕ್ಯದಲ್ಲಿ, ಅದೇ 5 ವರ್ಷಕ್ಕೆ ಸೇರಿಸಿದೆ. ಹಾಗಾಗಿ "ಇದು ಸ್ಟ್ರಕ್ಚರಲ್ ಅಲ್ಲ" ಎಂದು ಬಿಲ್ಡರ್ ಸಾಧಿಸಿದರೂ ಜವಾಬ್ದಾರಿ ತಪ್ಪುವುದಿಲ್ಲ. ಅಂದ ಮೇಲೆ ಪತ್ರದಲ್ಲಿ ಆ ವಾದಕ್ಕೆ ಇಳಿಯುವ ಅಗತ್ಯವೇ ಇಲ್ಲ. "ಇದು ಸ್ಟ್ರಕ್ಚರಲ್ ದೋಷವೇ" ಎಂದು ಮನೆಯವರು ಬರೆದರೆ, ಅದನ್ನು ಸಾಬೀತು ಮಾಡುವ ಹೊರೆಯನ್ನು ಸುಮ್ನೆ ತಲೆ ಮೇಲೆ ಎಳೆದುಕೊಂಡ ಹಾಗೆ. ಎರಡು, ಅವಧಿಯೊಳಗೆ ಆಗಬೇಕಾದದ್ದು ಗಮನಕ್ಕೆ ತರುವ ಕೆಲಸ. ಪತ್ರ ಯಾವಾಗ ತಲುಪಿತು ಎನ್ನುವುದಕ್ಕೆ ದಾಖಲೆ ಬೇಕು. ಸೈಟ್ ಎಂಜಿನಿಯರ್ ಜೊತೆಗಿನ ಫೋನ್ ಮಾತು ಆ ಕೆಲಸ ಮಾಡುವುದಿಲ್ಲ.

(ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಕೈಲಿ ಮನೆ ಕಟ್ಟಿಸಿದವರಿಗೆ ಈ ಕಲಂ ಹೊಂದುವುದಿಲ್ಲ. ಅವರ ಕರಾರಿನಲ್ಲಿ ಬರೆದ ದೋಷ ಹೊಣೆ ಅವಧಿಯೇ ಅವರಿಗೆ ಆಧಾರ.)

ಇಷ್ಟು ಕೈಯಲ್ಲಿಟ್ಟುಕೊಂಡು ಎರಡನೇ ಪತ್ರ ಬರೆದೆವು. ಮನೆಯ ಒಡತಿಯೇ ಬರೆದರು, ನಾನು ತಾಂತ್ರಿಕ ಸಾಲುಗಳನ್ನು ತಿದ್ದಿದೆ. ಗುರುತು ಸಿಗುವ ವಿವರ ತೆಗೆದು ಇಲ್ಲಿ ಕೊಟ್ಟಿದ್ದೇನೆ.

"ದಿನಾಂಕ: 11 ಮಾರ್ಚ್ 2024

ವಿಷಯ: ಮೂರನೇ ಮಹಡಿಯ ನಮ್ಮ ಫ್ಲ್ಯಾಟಿನ ಬೀಮು ಮತ್ತು ಗೋಡೆಗಳಲ್ಲಿ ಬಿರುಕು. ರೇರಾ ಕಾಯ್ದೆ 2016, ಕಲಂ 14(3)ರ ಪ್ರಕಾರ ಸೂಚನೆ.

ಮಾನ್ಯರೇ,

ಈ ಫ್ಲ್ಯಾಟಿನ ಸ್ವಾಧೀನವನ್ನು ನೀವು 10 ಜೂನ್ 2022ರಂದು ನಮಗೆ ಕೊಟ್ಟಿರುತ್ತೀರಿ. ಸ್ವಾಧೀನ ಪತ್ರದ ಪ್ರತಿ ಲಗತ್ತಿಸಿದೆ. ಕೆಳಗಿನ ದೋಷಗಳನ್ನು ಈ ಪತ್ರದ ಮೂಲಕ ನಿಮ್ಮ ಗಮನಕ್ಕೆ ತರುತ್ತಿದ್ದೇವೆ.

ಬಿರುಕು 1: ಬೆಡ್‌ರೂಮಿನ ಪೂರ್ವದ ಗೋಡೆ ಬೀಮಿಗೆ ಸೇರುವ ಕಡೆ, ಗೋಡೆಯ ಪೂರ್ತಿ ಉದ್ದಕ್ಕೆ. ಬಿರುಕು 2: ಅದೇ ಕೋಣೆಯ ಕಿಟಕಿಯ ಎಡ ಕೆಳಮೂಲೆಯಿಂದ ಓರೆಯಾಗಿ. ಇವೆರಡನ್ನೂ ಫೆಬ್ರವರಿಯಲ್ಲಿ ನಿಮ್ಮವರು ಪುಟ್ಟಿಯಿಂದ ಮುಚ್ಚಿದ್ದಾರೆ. ಅದಕ್ಕೆ ಮೊದಲಿನ ಫೋಟೋಗಳು ಲಗತ್ತಿನಲ್ಲಿವೆ.

ಬಿರುಕು 3: ಹಾಲ್ ಮತ್ತು ಅಡುಗೆಮನೆ ನಡುವಿನ ಬೀಮಿನಲ್ಲಿ, ಪಿಲ್ಲರ್ ಮುಖದಿಂದ ಸುಮಾರು 300 ಮಿ.ಮೀ. ದೂರದಲ್ಲಿ ಕೆಳ ಅಂಚಿನಿಂದ ಶುರುವಾಗಿ ಓರೆಯಾಗಿ ಬೀಮಿನ ನಡುಭಾಗದ ಕಡೆಗೆ ಏರುತ್ತದೆ. 7 ಮಾರ್ಚ್ 2024ರಂದು ಅಳೆದ ಅಗಲ 0.5 ಮಿ.ಮೀ. ಬೀಮಿನ ಎರಡೂ ಮುಖದಲ್ಲಿ ಕಾಣುತ್ತದೆ. ಪ್ಲಾಸ್ಟರ್ ತೆಗೆದು ನೋಡಿದಾಗ ಕಾಂಕ್ರೀಟಿನಲ್ಲೂ ಇದೆ. ಮುನ್ನೆಚ್ಚರಿಕೆಯಾಗಿ ಬೀಮಿಗೆ ಪ್ರಾಪ್ ಕೊಡಿಸಿದ್ದೇವೆ. ಅದರ ರಸೀದಿ ಲಗತ್ತಿಸಿದೆ.

ಸ್ವಾಧೀನದ ನಂತರ ನಾವು ಮಾಡಿಸಿದ ಕೆಲಸ ಇಷ್ಟು: ಎರಡು ವಾರ್ಡ್‌ರೋಬ್, ಅಡುಗೆಮನೆಯ ಕಪಾಟುಗಳು, ಹೊರಗೋಡೆಯ ಬ್ಲಾಕಿನಲ್ಲಿ ಚಿಮಣಿ ಪೈಪಿಗೆ ಒಂದು ತೂತು. ಯಾವ ಬೀಮು, ಪಿಲ್ಲರ್, ಮೋಲ್ಡನ್ನೂ ಕೊರೆದಿಲ್ಲ, ಯಾವ ಗೋಡೆಯನ್ನೂ ಒಡೆದಿಲ್ಲ, ಹೊಸದಾಗಿ ಕಟ್ಟಿಲ್ಲ.

ನಾವು ಕೇಳುವುದು: (1) ಈ ಪತ್ರ ತಲುಪಿದ 7 ದಿನದೊಳಗೆ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಖುದ್ದಾಗಿ ಬಂದು ನೋಡಬೇಕು. (2) ಬಿರುಕು 3ರ ಕಾರಣವನ್ನು ಅವರು ತಮ್ಮ ಸಹಿಯೊಂದಿಗೆ ಲಿಖಿತವಾಗಿ ತಿಳಿಸಬೇಕು. (3) ಈ ಬೀಮಿನ ಕಂಬಿ ವಿವರದ ಡ್ರಾಯಿಂಗ್ ಕೊಡಬೇಕು. (4) ಕಾರಣಕ್ಕೆ ತಕ್ಕ ದುರಸ್ತಿ ವಿಧಾನವನ್ನು ಮೊದಲು ಲಿಖಿತವಾಗಿ ಕೊಟ್ಟು, ನಂತರ ಕೆಲಸ ಮಾಡಿ, 30 ದಿನದೊಳಗೆ ಮುಗಿಸಬೇಕು.

ಕಾರಣ ಲಿಖಿತವಾಗಿ ಬರುವವರೆಗೆ ಬಿರುಕು 3ನ್ನು ಪುಟ್ಟಿ, ಪೇಂಟ್, ಪ್ಲಾಸ್ಟರ್ ಯಾವುದರಿಂದಲೂ ಮುಚ್ಚಲು ನಮ್ಮ ಒಪ್ಪಿಗೆ ಇಲ್ಲ. ಪರಿಶೀಲನೆಗೆ ಯಾವ ದಿನವಾದರೂ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮನೆ ತೆರೆದಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ"

ಕಳಪೆ ಸಿಮೆಂಟು, ಮೋಸ, ಕೋರ್ಟು ಯಾವುದೂ ಇದರಲ್ಲಿ ಇಲ್ಲ. ಕೋಪ ಇರಲಿಲ್ಲ ಅಂತಲ್ಲ. ಆದರೆ "ಸಿಮೆಂಟು ಕಡಿಮೆ ಹಾಕಿದ್ದೀರಿ" ಎಂದು ಬರೆದಿದ್ದರೆ, ಬಿಲ್ಡರ್ ಹಳೆಯ ಕ್ಯೂಬ್ ಟೆಸ್ಟ್ ವರದಿ ತೋರಿಸಿ "ನೋಡಿ, ಕಾಂಕ್ರೀಟ್ ಚೆನ್ನಾಗಿದೆ" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಕೊನೆಗೆ ನೋಡಿದರೆ ಕಾಂಕ್ರೀಟ್ ನಿಜವಾಗಿಯೂ ಚೆನ್ನಾಗಿಯೇ ಇತ್ತು! ಕಾರಣ ಹುಡುಕುವುದು ಅವರ ಕೆಲಸ. ಕಂಡದ್ದನ್ನು ಅಳೆದು ಹೇಳುವುದು ಮಾತ್ರ ನಮ್ಮದು.

ಮನೆಯವರ ಸ್ವಂತ ಕೆಲಸಗಳ ಪಟ್ಟಿಯನ್ನು ನಾವಾಗಿಯೇ ಯಾಕೆ ಬರೆದೆವು ಎಂದು ಕೆಲವರು ಕೇಳಿದ್ದಾರೆ. "ನಿಮ್ಮ ಇಂಟೀರಿಯರ್‌ನವರು ಕೊರೆದು ಹಾಳು ಮಾಡಿದ್ದಾರೆ" ಎನ್ನುವುದು ಇಂಥ ಜಗಳಗಳಲ್ಲಿ ಬಂದೇ ಬರುವ ಉತ್ತರ. ಚಿಮಣಿ ತೂತನ್ನು ಮುಚ್ಚಿಟ್ಟು, ಅದು ಅವರ ಕಣ್ಣಿಗೆ ಬಿದ್ದಿದ್ದರೆ ಉಳಿದ ಮಾತಿಗೂ ಬೆಲೆ ಹೋಗುತ್ತಿತ್ತು. ಆ ತೂತು ಈ ಬೀಮಿನಿಂದ ದೂರ, ಬ್ಲಾಕ್ ಗೋಡೆಯಲ್ಲಿದೆ. ಹೇಳಿಬಿಟ್ಟರೆ ಮುಗಿಯಿತು.

ಪತ್ರವನ್ನು ಅಗ್ರಿಮೆಂಟಿನಲ್ಲಿರುವ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆಯನ್ನು ಅಂದೇ ಇಳಿಸಿಕೊಂಡೆವು. ಅದನ್ನೇ ಪಿಡಿಎಫ್ ಮಾಡಿ, ಹಳೇ ಇಮೇಲ್‌ಗೆ ಉತ್ತರವಾಗಿಯೂ ಕಳಿಸಿದೆವು. ಹೀಗೆ ಮಾಡಿದರೆ ಫೆಬ್ರವರಿಯ ದೂರಿಗೂ ಇದಕ್ಕೂ ಕೊಂಡಿ ಉಳಿಯುತ್ತದೆ. ಅಪಾರ್ಟ್‌ಮೆಂಟಿನ ಸಂಘಕ್ಕೂ ಒಂದು ಪ್ರತಿ ಹೋಯಿತು. ಬೀಮು ಇಡೀ ಕಟ್ಟಡದ್ದು, ಒಬ್ಬರ ಮನೆಯದ್ದಲ್ಲ.

ಈ ಸಲ ಬಂದದ್ದು ಪೇಂಟರ್ ಅಲ್ಲ. ಮಾರ್ಚ್ ಕೊನೆಗೆ ಕಟ್ಟಡದ ಡಿಸೈನ್ ಮಾಡಿದ ಎಂಜಿನಿಯರ್ ಬಂದರು. ಸಂಭಾವಿತ ಮನುಷ್ಯ. ಬಿರುಕು ನೋಡಿ ಐದು ನಿಮಿಷ ಮಾತಾಡಲಿಲ್ಲ. ರೀಬೌಂಡ್ ಹ್ಯಾಮರ್ ಮತ್ತು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕಾಂಕ್ರೀಟಿನ ಬಗ್ಗೆ ಅನುಮಾನ ಪಡುವಂಥದ್ದು ಸಿಗಲಿಲ್ಲ. ಆಮೇಲೆ ಒಳಗಿನ ಕಂಬಿ ಪತ್ತೆ ಮಾಡುವ ಯಂತ್ರವನ್ನು ಬೀಮಿನ ಮೇಲೆ ಓಡಿಸಿದರು. ಅದು ಬೀಪ್ ಎಂದ ಕಡೆಯೆಲ್ಲ ಸೀಮೆಸುಣ್ಣದ ಗೆರೆ. ಗೆರೆಗಳ ನಡುವೆ ಟೇಪು ಹಿಡಿದರೆ ಸುಮಾರು 200 ಮಿ.ಮೀ. ಡ್ರಾಯಿಂಗ್‌ನಲ್ಲಿ ಅದೇ ಜಾಗಕ್ಕೆ ಬರೆದಿದ್ದದ್ದು 100.

ಕತೆ ಅಲ್ಲಿಗೆ ಬಿಡಿಸಿಕೊಂಡಿತು. ಬೀಮಿನ ಉದ್ದ ಕಂಬಿಗಳನ್ನು ಸುತ್ತುವ ರಿಂಗುಗಳು ಶಿಯರ್ ತಡೆಯುವ ಮುಖ್ಯ ಆಧಾರ. ಪಿಲ್ಲರ್ ಹತ್ತಿರ ಶಿಯರ್ ಜಾಸ್ತಿ, ಹಾಗಾಗಿ ಬೀಮಿನ ಆಳದ ಸುಮಾರು ಎರಡು ಪಟ್ಟು ದೂರದವರೆಗೆ ರಿಂಗುಗಳು ಒತ್ತೊತ್ತಾಗಿರಬೇಕು, ನಡುವೆ ದೂರವಾದರೆ ನಡೆಯುತ್ತದೆ. ಕಂಬಿ ಕಟ್ಟುವವರು ನಡುವಿನ ಅಂತರವನ್ನೇ ಕೊನೆಯವರೆಗೂ ಎಳೆದುಬಿಟ್ಟಿದ್ದರು. ಕಾಂಕ್ರೀಟ್ ಹಾಕುವ ಮೊದಲು ಯಾರೂ ಟೇಪು ಹಿಡಿದು ನೋಡಿರಲಿಲ್ಲ. ಮೇಲಿನ ಮನೆ ಖಾಲಿ ಇದ್ದಷ್ಟು ದಿನ ಬೀಮು ತಡೆದುಕೊಂಡಿತು. 2023ರ ಕೊನೆಗೆ ಅಲ್ಲಿ ಸಂಸಾರ ಬಂತು, ಸಾಮಾನು ಬಂತು. ಅದೆಲ್ಲ ಡಿಸೈನ್‌ನಲ್ಲಿ ಲೆಕ್ಕಕ್ಕೆ ಹಿಡಿದ ಭಾರವೇ, ಮೇಲಿನವರ ತಪ್ಪೇನೂ ಇಲ್ಲ.

ಆದರೆ ಬಿಲ್ಡರ್ ಕಚೇರಿ ಕಳಿಸಿದ ದುರಸ್ತಿ ಪ್ರಸ್ತಾವದಲ್ಲಿ ಇದ್ದದ್ದು ಒಂದೇ ಸಾಲು: "ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್." ಎಪಾಕ್ಸಿ ಬೇಕು, ಅದು ಸೀಳಿದ ಕಾಂಕ್ರೀಟನ್ನು ಮತ್ತೆ ಒಂದು ಮಾಡುತ್ತದೆ, ನೀರು ಗಾಳಿ ಒಳಗೆ ಹೋಗದಂತೆ ತಡೆಯುತ್ತದೆ. ಆದರೆ ಇಲ್ಲದ ರಿಂಗನ್ನು ಅದು ತಂದುಕೊಡುವುದಿಲ್ಲ. ಅದೊಂದೇ ಮಾಡಿದ್ದರೆ ಹಳೇ ಬಿರುಕಿನ ಪಕ್ಕದಲ್ಲಿ ಹೊಸದೊಂದು ಹುಟ್ಟುವ ಸಾಧ್ಯತೆಯೇ ಜಾಸ್ತಿ. ಕಾರಣವನ್ನು ಲಿಖಿತವಾಗಿ ಕೇಳಿದ್ದು ಇಲ್ಲಿ ಕೈ ಹಿಡಿಯಿತು. ಮನೆಯವರ ಉತ್ತರ ಎರಡೇ ವಾಕ್ಯ: "ಕಾರಣ ರಿಂಗುಗಳ ಅಂತರ ಎಂದು ನಿಮ್ಮ ಎಂಜಿನಿಯರ್ ಸಹಿ ಮಾಡಿ ಕೊಟ್ಟಿದ್ದಾರೆ. ಆ ಕೊರತೆಯನ್ನು ಈ ಪ್ರಸ್ತಾವ ಹೇಗೆ ತುಂಬುತ್ತದೆ ಎಂದು ಅವರಿಂದಲೇ ತಿಳಿಸಿ." ಒಂದು ವಾರದಲ್ಲಿ ಹೊಸ ಪ್ರಸ್ತಾವ ಬಂತು. ಎಪಾಕ್ಸಿ ಇಂಜೆಕ್ಷನ್ ಆದ ಮೇಲೆ, ಪಿಲ್ಲರ್ ಹತ್ತಿರದ ಭಾಗಕ್ಕೆ ಬೀಮಿನ ಮೂರು ಮುಖ ಸುತ್ತುವಂತೆ ಕಾರ್ಬನ್ ಫೈಬರ್ ಪಟ್ಟಿ, ಎಷ್ಟು ಪದರ, ಎಷ್ಟು ಅಂತರ ಎಂಬ ಲೆಕ್ಕದೊಂದಿಗೆ. ಬೀಮಿನ ಇನ್ನೊಂದು ತುದಿಯಲ್ಲಿ ಬಿರುಕು ಇರಲಿಲ್ಲ, ಆದರೆ ಯಂತ್ರ ಅಲ್ಲೂ ಅದೇ 200 ತೋರಿಸಿತ್ತು. ಆ ತುದಿಯನ್ನೂ ಸೇರಿಸಿಸಿದೆವು.

30 ದಿನದಲ್ಲಿ ಇದು ಮುಗಿಯಲಿಲ್ಲ. ಪಟ್ಟಿ ತರಿಸಿ ಅಂಟಿಸುವವರು ಸಿಗುವಷ್ಟರಲ್ಲಿ ಮೇ ಆಯಿತು. ಅವಧಿ ಮೀರುವ ಮೊದಲೇ ಬಿಲ್ಡರ್ ಇನ್ನಷ್ಟು ಸಮಯ ಕೇಳಿದರು. ಮನೆಯವರು ಕೆಲಸ ಮುಗಿಸಬೇಕಾದ ಒಂದು ತಾರೀಖು ಹಾಕಿ ಒಪ್ಪಿದರು. ಜೊತೆಗೆ "ಇದರಿಂದ ಕಲಂ 14(3)ರ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಂತೆ ಅಲ್ಲ" ಎಂದು ಬರೆದರು. ಬಾಯಿಮಾತಿನಲ್ಲಿ ಒಪ್ಪಿದ್ದರೆ, ಮುಂದೆ ರಾಜ್ಯದ ರೇರಾ ಪ್ರಾಧಿಕಾರಕ್ಕೆ ಹೋಗಬೇಕಾಗಿ ಬಂದಾಗ 30 ದಿನ ಯಾವಾಗ ಮುಗಿಯಿತು ಎನ್ನುವುದೇ ಒಂದು ಜಗಳ ಆಗುತ್ತಿತ್ತು. ಈ ಪ್ರಕರಣ ಅಲ್ಲಿಗೆ ಹೋಗಲಿಲ್ಲ. ಪ್ರಾಪ್ ಬಾಡಿಗೆಯನ್ನೂ ಬಿಲ್ಡರ್ ಕೊಟ್ಟರು, ಸ್ವಲ್ಪ ಗೊಣಗಿಕೊಂಡೇ.

ಕೆಲಸ ಮುಗಿದ ಮೇಲೆ "ತೃಪ್ತಿಕರವಾಗಿ ಮುಗಿದಿದೆ, ಇನ್ನು ಯಾವ ದೂರೂ ಇಲ್ಲ" ಎಂಬ ಅಚ್ಚು ಮಾಡಿದ ಕಾಗದಕ್ಕೆ ಸಹಿ ಕೇಳಿದರು. ಅದರ ಎರಡನೇ ಅರ್ಧವನ್ನು ಹೊಡೆದುಹಾಕಿ, "ಬಿರುಕು 3ರ ದುರಸ್ತಿ ಈ ದಿನ ಮುಗಿದಿದೆ" ಎಂದಷ್ಟೇ ಬರೆದು ಸಹಿ ಮಾಡಿದರು. ದುರಸ್ತಿಯ ಡ್ರಾಯಿಂಗ್, ಬಳಸಿದ ಸಾಮಗ್ರಿಯ ವಿವರ, ಎಂಜಿನಿಯರ್ ಸಹಿ ಮಾಡಿದ ಮುಕ್ತಾಯ ಪತ್ರ ಮೂರನ್ನೂ ಇಸಿದುಕೊಂಡರು. ಮುಂದೆ ಮನೆ ಮಾರುವಾಗ ಕೊಳ್ಳುವವರು ಕೇಳುವುದು ಇದನ್ನೇ.

ಬಿರುಕು 1 ಜೂನ್‌ನಲ್ಲಿ ಪುಟ್ಟಿಯ ಮೇಲೆಯೇ ಮತ್ತೆ ಕಾಣಿಸಿಕೊಂಡಿತು. ಈ ಸಲ ಪ್ಲಾಸ್ಟರ್ ಕೆತ್ತಿ, ಜಾಲರಿ ಹೊಡೆದು ಮಾಡಿದರು. ಪೇಂಟ್ ಮಾತ್ರ ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು, ಪೂರ್ತಿ ಗೋಡೆಗೆ ಹೊಡೆಯಲು ದುಡ್ಡು ಕೇಳಿದರು. ಹೆಚ್ಚುವರಿ ಹಣ ಕೇಳುವಂತಿಲ್ಲ ಎಂಬ ಸಾಲನ್ನು ತೋರಿಸಿದ ಮೇಲೆ ಅದನ್ನೂ ಮಾಡಿಕೊಟ್ಟರು. ಸಂಘದವರು ಈಗ ಅದೇ ಯಂತ್ರವನ್ನು ಉಳಿದ ಮಹಡಿಗಳ ಅದೇ ಬೀಮುಗಳ ಮೇಲೆ ಓಡಿಸಬೇಕೆಂದು ಬಿಲ್ಡರ್‌ಗೆ ಬೇರೆ ಪತ್ರ ಬರೆದಿದ್ದಾರೆ. ಡ್ರಾಯಿಂಗ್ ಒಂದೇ, ಕಂಬಿ ಕಟ್ಟಿದ ತಂಡವೂ ಒಂದೇ ಅಲ್ವಾ. ಅವರ 5 ವರ್ಷದ ಲೆಕ್ಕ ಒಂದೊಂದು ಮನೆಗೆ ಒಂದೊಂದು ದಿನದಿಂದ ಶುರುವಾಗುತ್ತದೆ. ಹಾಗಾಗಿ ಪ್ರತಿ ಮನೆಯ ಸ್ವಾಧೀನ ಪತ್ರದ ಪ್ರತಿಯನ್ನೂ ಲಗತ್ತಿಸಿದ್ದಾರೆ.